ನರೇಶನ್‌ಗೆ ಕಂಪ್ರೆಸರ್: ಥ್ರೆಶೋಲ್ಡ್, ರೇಶಿಯೋ ಕಿವಿಯಿಂದಲೇ ಸೆಟ್ ಮಾಡೋದು ಹೇಗೆ (ಪದೇ ಪದೇ ಕೇಳುವ ಪ್ರಶ್ನೆಗಳು)

ಡೊಂಬಿವಲಿ, ಠಾಣೆ, ಪುಣೆ ಕಡೆ ಮನೆಯಲ್ಲೇ ಮೈಕ್ ಇಟ್ಕೊಂಡು ಕನ್ನಡ ಕಥೆ ಓದಿ ರೆಕಾರ್ಡ್ ಮಾಡೋರು ಈಗ ಸುಮಾರು ಜನ ಇದ್ದಾರೆ, ಅವರು ನನಗೆ ಕೇಳೋ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಕಂಪ್ರೆಸರ್ ಬಗ್ಗೆನೇ. ಅದಕ್ಕೇ ಒಂದು ಕಡೆ ಬರೆದಿಟ್ಟಿದೀನಿ. ಇಲ್ಲಿ ಹೇಳ್ತಿರೋದೆಲ್ಲ ಒಂದೇ ಧ್ವನಿ, ಹಿಂದೆ ಮ್ಯೂಸಿಕ್ ಇಲ್ಲ, ಗಂಟೆಗಟ್ಟಲೆ ಕೇಳೋ ಓದು, ಇಷ್ಟಕ್ಕೆ ಮಾತ್ರ. ಹಾಡಿಗೆ, ಡ್ರಮ್ಸಿಗೆ ಲೆಕ್ಕ ಬೇರೆ.

ಕಂಪ್ರೆಸರ್ ಯಾಕೆ ಬೇಕು? ನಾರ್ಮಲೈಸ್ ಮಾಡಿದ್ರೆ ಸಾಕಲ್ವಾ?

ಸಾಕಾಗಲ್ಲ. ನಾರ್ಮಲೈಸ್ ಅಂದ್ರೆ ಇಡೀ ಫೈಲನ್ನ ಒಂದೇ ಅಳತೆಯಲ್ಲಿ ಮೇಲೆ ಎತ್ತೋದು ಅಷ್ಟೇ, ಜೋರಾಗಿರೋದೂ ಏರತ್ತೆ, ಮೆಲ್ಲಗಿರೋದೂ ಅಷ್ಟೇ ಏರತ್ತೆ, ಎರಡರ ನಡುವಿನ ಅಂತರ ಹಾಗೇ ಉಳಿಯತ್ತೆ. ನಮ್ಮ ತೊಂದರೆ ಇರೋದೇ ಆ ಅಂತರದಲ್ಲಿ.

ಕನ್ನಡ ಓದುವಾಗ ಇದು ಇನ್ನೂ ಎದ್ದು ಕಾಣತ್ತೆ, ಯಾಕಂದ್ರೆ ನಮ್ಮ ಕ್ರಿಯಾಪದ ಬರೋದು ವಾಕ್ಯದ ಕೊನೆಗೆ. ಓದೋರು ವಾಕ್ಯ ಶುರು ಮಾಡುವಾಗ ಎದೆ ತುಂಬ ಉಸಿರಿರತ್ತೆ, ಕೊನೆಗೆ ಬರೋ ಹೊತ್ತಿಗೆ ಉಸಿರು ಖಾಲಿ, ಹಾಗಾಗಿ "ಬಂದಿದ್ದ"ನೋ "ಬಂದಿರಲಿಲ್ಲ"ವೋ ಅನ್ನೋದೇ ಕೇಳಿಸಲ್ಲ. ಬೆಳಗಿನ ಲೋಕಲ್‌ನಲ್ಲಿ ಇಯರ್‌ಫೋನ್ ಹಾಕ್ಕೊಂಡು ನಿಂತೋರು ಆ ಕೊನೆ ಶಬ್ದಕ್ಕೋಸ್ಕರ ವಾಲ್ಯೂಮ್ ಏರಿಸ್ತಾರೆ, ಮುಂದಿನ ವಾಕ್ಯದಲ್ಲಿ ಪಾತ್ರ ಒಂದು ಕಿರುಚಿದ್ರೆ ಕಿವಿ ಹರಿದುಹೋಗತ್ತೆ, ಮತ್ತೆ ಇಳಿಸ್ತಾರೆ. ನಾಲ್ಕು ಸಲ ಹೀಗಾದ್ರೆ ಕಥೆ ಬಂದ್ ಮಾಡಿ ಬೇರೇನೋ ಹಾಕ್ಕೊಳ್ತಾರೆ.

ಕಂಪ್ರೆಸರ್ ಕೆಲಸ ಏನಂದ್ರೆ, ಪಕ್ಕದಲ್ಲಿ ಒಬ್ಬ ಹುಷಾರಾದ ಹುಡುಗನನ್ನ ಕೂರಿಸಿ, ದನಿ ಒಂದು ಮಟ್ಟ ದಾಟಿದ ಕೂಡಲೇ ವಾಲ್ಯೂಮ್ ಇಳಿಸು, ದನಿ ಇಳಿದ್ರೆ ಮೊದಲಿನ ಜಾಗಕ್ಕೆ ತಂದಿಡು ಅಂತ ಹೇಳಿದ ಹಾಗೆ. ಯಾವ ಮಟ್ಟ ದಾಟಿದ್ರೆ ಅನ್ನೋದು ಥ್ರೆಶೋಲ್ಡ್. ದಾಟಿದ್ದನ್ನ ಎಷ್ಟು ಇಳಿಸ್ಬೇಕು ಅನ್ನೋದು ರೇಶಿಯೋ. ಗಮನಿಸಿ, ಅದು ಮೆಲ್ಲಗಿರೋದನ್ನ ತಾನಾಗಿ ಎತ್ತಲ್ಲ. ಈ ಒಂದು ಮಾತು ತಲೇಲಿದ್ರೆ ಮುಂದಿನ ಅರ್ಧ ಗೊಂದಲ ಇರಲ್ಲ.

3:1 ಅಂದ್ರೆ ಸರಿಯಾಗಿ ಏನು? ಮೂರು ಪಟ್ಟು ಕಮ್ಮಿ ಮಾಡತ್ತಾ?

ಇಡೀ ದನಿಯನ್ನಲ್ಲ, ಥ್ರೆಶೋಲ್ಡ್ ದಾಟಿದ ಭಾಗವನ್ನ ಮಾತ್ರ. ಥ್ರೆಶೋಲ್ಡ್‌ಗಿಂತ 9 ಡಿಬಿ ಮೇಲೆ ಹೋದ ಶಬ್ದ 3:1ರಲ್ಲಿ 3 ಡಿಬಿ ಮೇಲೆ ಮಾತ್ರ ಉಳಿಯತ್ತೆ, ಅಂದ್ರೆ 6 ಡಿಬಿ ಇಳೀತು. ಈ 6 ಡಿಬಿನೇ ಪ್ಲಗಿನ್‌ನಲ್ಲಿ ಕೆಳಮುಖವಾಗಿ ಓಡೋ ಮೀಟರ್ ತೋರಿಸೋದು, ಅದನ್ನ ಗೇನ್ ರಿಡಕ್ಷನ್ ಅಂತಾರೆ. ಲೆಕ್ಕ ಬೇಕು ಅನ್ನೋರಿಗೆ, T ಅಂದ್ರೆ ಥ್ರೆಶೋಲ್ಡ್, R ಅಂದ್ರೆ ರೇಶಿಯೋ:

```
out = T + (in - T) / R
```

ಥ್ರೆಶೋಲ್ಡ್ ಕೆಳಗಿರೋದಕ್ಕೆ ಈ ಸೂತ್ರ ಅನ್ವಯಿಸಲ್ಲ, ಅದು ಹೇಗೆ ಬಂತೋ ಹಾಗೇ ಹೋಗತ್ತೆ.

ವಿಡಿಯೋದಲ್ಲಿ ಥ್ರೆಶೋಲ್ಡ್ -20, ರೇಶಿಯೋ 3:1 ಅಂತ ತೋರಿಸಿದ್ರು. ಅದನ್ನೇ ಹಾಕ್ಲಾ?

ರೇಶಿಯೋ ಬೇಕಾದ್ರೆ ಹಾಕಿ. ಥ್ರೆಶೋಲ್ಡ್ ಮಾತ್ರ ಇನ್ನೊಬ್ಬರದ್ದು ಎರವಲು ತರೋಕೆ ಬರಲ್ಲ. ಅವರ ದನಿ ಮೈಕಿನೊಳಗೆ ಎಷ್ಟು ಜೋರಾಗಿ ಬಂದಿತ್ತೋ ಅದಕ್ಕೆ -20 ಸರಿ ಇತ್ತು. ನೀವು ಇಂಟರ್‌ಫೇಸ್‌ನ ಗೇನ್ ನಾಬ್ ಕಮ್ಮಿ ಇಟ್ಟು ರೆಕಾರ್ಡ್ ಮಾಡಿದ್ರೆ ನಿಮ್ಮ ಅತಿ ಜೋರು ಶಬ್ದವೂ -20 ಮುಟ್ಟಲ್ಲ, ಆಗ ಕಂಪ್ರೆಸರ್ ಸುಮ್ನೆ ಕೂತಿರತ್ತೆ, ನೀವು "ಏನೂ ವ್ಯತ್ಯಾಸ ಕೇಳ್ತಿಲ್ಲ" ಅಂತ ರೇಶಿಯೋನ 8:1ಕ್ಕೆ ತಿರುಗಿಸಿ ಕೂರ್ತೀರಿ. ಗೇನ್ ಜಾಸ್ತಿ ಇದ್ರೆ ಉಲ್ಟಾ, ಪಿಸುಮಾತು ಕೂಡ ದಾಟಿ ಪ್ರತಿ ಅಕ್ಷರವೂ ಅಮುಕಿಸ್ಕೊಳ್ಳತ್ತೆ. ನಾಬ್ 6 ಡಿಬಿ ತಿರುಗಿಸಿದ್ರೆ ಥ್ರೆಶೋಲ್ಡೂ 6 ಡಿಬಿ ಸರೀಬೇಕು. ಪ್ರೀಸೆಟ್‌ಗಳ ಕಥೆನೂ ಇಷ್ಟೇ, "ಮೇಲ್ ವೋಕಲ್" ಅಂತ ಹೆಸರಿಟ್ಟವನಿಗೆ ನಿಮ್ಮ ಗೇನ್ ಎಲ್ಲಿತ್ತು ಅಂತ ಗೊತ್ತಿರಲಿಲ್ಲ.

ಹಾಗಾದ್ರೆ ಕಿವಿಯಿಂದ ಸೆಟ್ ಮಾಡೋದು ಹೇಗೆ? ನನಗೆ ಕಂಪ್ರೆಶನ್ ಕೇಳ್ಸೋದೇ ಇಲ್ಲ.

ಶುರುವಿನಲ್ಲಿ ಯಾರಿಗೂ ಕೇಳ್ಸಲ್ಲ, ಚೆನ್ನಾಗಿ ಸೆಟ್ ಮಾಡಿದ ಕಂಪ್ರೆಸರ್ ಕೇಳ್ಸಬಾರದು ಕೂಡ. ಅದಕ್ಕೇ ಮೊದಲು ಬೇಕಂತಲೇ ಕೆಟ್ಟದಾಗಿ ಹಾಕಿ ಅದು ಎಲ್ಲಿ ಹಿಡೀತಿದೆ ಅಂತ ಕಿವಿಗೆ ತೋರಿಸ್ಬೇಕು, ಆಮೇಲೆ ಹಿಂದಕ್ಕೆ ಬರ್ಬೇಕು. ಇದು ಹಳೇ ಪದ್ಧತಿ, ಇವತ್ತಿಗೂ ಇದಕ್ಕಿಂತ ಒಳ್ಳೇದು ನನಗಂತೂ ಸಿಕ್ಕಿಲ್ಲ.

ಅರ್ಧ ನಿಮಿಷದ ಒಂದು ತುಂಡು ಆರಿಸಿ, ಅದರಲ್ಲಿ ಒಂದು ಜೋರು ಸಂಭಾಷಣೆ, ಎರಡು ಮೂರು ಸಾದಾ ವಾಕ್ಯ, ಒಂದಾದ್ರೂ ಮೆಲ್ಲಗೆ ಮುಗಿಯೋ ವಾಕ್ಯ, ಮತ್ತೆ ಒಂದು ಚಿಕ್ಕ ಮೌನ ಇರ್ಬೇಕು. ಲೂಪ್ ಹಾಕಿ. ಹೆಡ್‌ಫೋನ್ ವಾಲ್ಯೂಮ್ ನಿಮಗೆ ಅಭ್ಯಾಸ ಇರೋದಕ್ಕಿಂತ ಕಮ್ಮಿ ಇಡಿ, ಯಾಕಂದ್ರೆ ಕಮ್ಮಿ ವಾಲ್ಯೂಮ್‌ನಲ್ಲಿ ಯಾವ ಶಬ್ದ ಮಾಯ ಆಗ್ತಿದೆ, ಯಾವುದು ಮುಖಕ್ಕೆ ಹೊಡೀತಿದೆ ಅಂತ ತಟ್ಟನೆ ಗೊತ್ತಾಗತ್ತೆ. ಕಂಪ್ರೆಸರ್ ಹಾಕದೇ ಎರಡು ಸುತ್ತು ಕೇಳಿ, ಹೊಡೆಯೋ ಶಬ್ದಗಳನ್ನ ಸ್ಕ್ರಿಪ್ಟ್ ಮೇಲೆ ಪೆನ್ಸಿಲ್‌ನಲ್ಲಿ ಸುತ್ತು ಹಾಕಿ, ಮುಳುಗೋ ಶಬ್ದಗಳಿಗೆ ಅಡಿಗೆರೆ ಎಳೀರಿ. ಈ ಕಾಗದ ಆಮೇಲೆ ಬೇಕಾಗತ್ತೆ.

ಈಗ ಕಂಪ್ರೆಸರ್ ತೆಗೀರಿ. ರೇಶಿಯೋ 10:1 ಅಥವಾ ಅದಕ್ಕೂ ಮೇಲೆ, ಅಟ್ಯಾಕ್ ಅಂದ್ರೆ ದನಿ ದಾಟಿದ್ಮೇಲೆ ಹಿಡಿಯೋಕೆ ತಗೊಳ್ಳೋ ಹೊತ್ತು, ಅದು 1 ಮಿಲಿಸೆಕೆಂಡ್ ಹತ್ತಿರ, ರಿಲೀಸ್ ಅಂದ್ರೆ ದನಿ ಇಳಿದ್ಮೇಲೆ ಬಿಡೋಕೆ ತಗೊಳ್ಳೋ ಹೊತ್ತು, ಅದು 50 ಮಿಲಿಸೆಕೆಂಡ್ ಹತ್ತಿರ, ಮೇಕಪ್ ಗೇನ್ ಅಂದ್ರೆ ಇಳಿಸಿದ್ಮೇಲೆ ಎಲ್ಲವನ್ನೂ ಒಟ್ಟಿಗೆ ಮೇಲೆ ಎತ್ತೋದು, ಅದು ಪೂರ್ತಿ ಆಫ್, ಥ್ರೆಶೋಲ್ಡ್ 0ಯಲ್ಲಿ. ಈ ಸ್ಥಿತೀಲಿ ಏನೂ ಆಗಲ್ಲ. ಲೂಪ್ ಓಡ್ತಾ ಇರ್ಲಿ, ಥ್ರೆಶೋಲ್ಡ್ ನಿಧಾನಕ್ಕೆ ಕೆಳಗೆ ಎಳೀತಾ ಬನ್ನಿ. ಸ್ವಲ್ಪ ದೂರ ಏನೂ ಇಲ್ಲ, ಆಮೇಲೆ ನೀವು ಸುತ್ತು ಹಾಕಿದ ಶಬ್ದಗಳು ಮೊದಲು ತಲೆ ತಗ್ಗಿಸ್ತವೆ, ರೇಶಿಯೋ ಅಷ್ಟು ಇರೋದ್ರಿಂದ ಅದು ಖಂಡಿತ ಕೇಳತ್ತೆ. ಇನ್ನೂ ಎಳೆದ್ರೆ ಸಾದಾ ಶಬ್ದಗಳೂ ಸಿಕ್ಕಿಬೀಳ್ತವೆ. ಇನ್ನೂ ಎಳೆದ್ರೆ ವಾಕ್ಯದ ಕೊನೆಗಳೂ ಸಿಕ್ಕಿ ಎಲ್ಲಾ ಒಂದೇ ಎತ್ತರಕ್ಕೆ ಬಂದು, ಓದ್ತಿರೋರು ಬೇಜಾರಲ್ಲಿ ಸ್ಟೇಷನ್ ಅನೌನ್ಸ್‌ಮೆಂಟ್ ಕೊಡ್ತಿದ್ದಾರೇನೋ ಅನ್ನಿಸತ್ತೆ. ಅಲ್ಲಿವರೆಗೂ ಹೋಗಿ, ಆ ತುದಿ ಕೇಳಿಸ್ಕೊಳ್ಳದೇ ವಾಪಸ್ ಬರ್ಬೇಡಿ.

ವಾಪಸ್ ಬರುವಾಗ ನಿಲ್ಲಿಸೋ ಜಾಗ ಇದು: ಸುತ್ತು ಹಾಕಿದ ಶಬ್ದಗಳು ಗಟ್ಟಿಯಾಗಿ ಹಿಡಿದಿವೆ, ಸಾದಾ ಶಬ್ದಗಳಿಗೆ ಸುಮ್ನೆ ಸವರಿ ಹೋಗ್ತಿದೆ, ಅಡಿಗೆರೆ ಹಾಕಿದ ಶಬ್ದಗಳನ್ನ ಮುಟ್ತಾನೇ ಇಲ್ಲ, ಮೌನದಲ್ಲಿ ಮೀಟರ್ ಪೂರ್ತಿ ಸೊನ್ನೆಗೆ ಬರ್ತಿದೆ. ಮೀಟರ್ ಸೊನ್ನೆಗೆ ಬರ್ತಾನೇ ಇಲ್ಲ ಅಂದ್ರೆ ಥ್ರೆಶೋಲ್ಡ್ ಇನ್ನೂ ಕೆಳಗಿದೆ ಅಂತ, ಇಲ್ಲಾಂದ್ರೆ ರಿಲೀಸ್ ತುಂಬ ಉದ್ದ ಇದೆ ಅಂತ.

ಥ್ರೆಶೋಲ್ಡ್ ಅಲ್ಲೇ ಬಿಟ್ಟು ಅಟ್ಯಾಕ್ 5ರಿಂದ 10 ಮಿಲಿಸೆಕೆಂಡ್, ರಿಲೀಸ್ 100ರಿಂದ 150 ಮಿಲಿಸೆಕೆಂಡ್ ಮಾಡಿ, ಮುಖ್ಯವಾಗಿ ರೇಶಿಯೋನ 1.5:1ಕ್ಕೆ ಇಳಿಸಿಬಿಡಿ. ಅಲ್ಲಿಂದ 2, 2.5, 3 ಹೀಗೆ ಮೇಲೆ ಬನ್ನಿ. ಒಂದೇ ಒಂದು ಪ್ರಶ್ನೆ ಕೇಳ್ಕೊಳ್ಳಿ: ಸುತ್ತು ಹಾಕಿದ ಶಬ್ದ ಬಂದಾಗ ಕೈ ವಾಲ್ಯೂಮ್ ಕಡೆ ಹೋಗತ್ತಾ? ಹೋಗೋದು ನಿಂತ ಜಾಗದಲ್ಲಿ ರೇಶಿಯೋ ನಿಲ್ಲಿಸಿ. ಬಹಳ ಜನರ ಓದಿಗೆ ಅದು 2.5 ಮತ್ತು 3ರ ನಡುವೆ ಎಲ್ಲೋ ಬರತ್ತೆ, ಜೋರು ಶಬ್ದದಲ್ಲಿ ಮೀಟರ್ 4ರಿಂದ 6 ಡಿಬಿ ಇಳಿಯತ್ತೆ. ರೇಶಿಯೋ ಕಮ್ಮಿ ಆದ್ಮೇಲೆ ಹಿಡಿತ ಸಡಿಲ ಆಗೋದ್ರಿಂದ ಥ್ರೆಶೋಲ್ಡ್ ಒಂದೆರಡು ಡಿಬಿ ಕೆಳಗೆ ತರಬೇಕು ಅನ್ನಿಸಬಹುದು, ತನ್ನಿ.

ರೀಪರ್ ಅನ್ನೋ ರೆಕಾರ್ಡಿಂಗ್ ಸಾಫ್ಟ್‌ವೇರ್‌ನ ReaComp ಕಂಪ್ರೆಸರ್ ಆದ್ರೆ ಇದೆಲ್ಲ ಪ್ಲೇ ಆಗ್ತಿರುವಾಗಲೇ ಎಳೀಬಹುದು, Auto make-up ಟಿಕ್ ಬಿದ್ದಿಲ್ಲ ಅಂತ ಮಾತ್ರ ನೋಡ್ಕೊಳ್ಳಿ. ರೀಪರ್ ಇಲ್ಲದಿದ್ರೂ ವಿಂಡೋಸ್‌ಗೆ ReaPlugs ಅಂತ ಪುಕ್ಕಟೆ ಸಿಗತ್ತೆ, ಅದರೊಳಗೆ ReaComp ಇದೆ. ಲ್ಯಾಮಿಂಗ್ಟನ್ ರೋಡಿಗೆ ಹೋಗಿ ಡಬ್ಬ ಕೊಳ್ಳೋ ಅಗತ್ಯ ಏನೂ ಇಲ್ಲ.

ಒಂದು ನಿಜವಾದ ಉದಾಹರಣೆ, ನಂಬರ್ ಸಮೇತ ಹೇಳ್ತೀರಾ?

ಹೇಳ್ತೀನಿ. ಡೊಂಬಿವಲಿಯ ಒಬ್ಬ ಅಕ್ಕ, ಮಕ್ಕಳಿಗೆ ಕಥೆ ಓದ್ತಾರೆ, ಕಪಾಟಿನ ಬಾಗಿಲು ತೆಗೆದು ಸೀರೆಗಳ ಎದುರು ಮೈಕ್ ಇಟ್ಟು ರೆಕಾರ್ಡ್ ಮಾಡೋದು. ಅವರು ಕಳಿಸಿದ ತುಂಡಿನಲ್ಲಿ ಇದ್ದ ಸಾಲು: "ಯಾರದು! ಅಂತ ಅಜ್ಜಿ ಕೂಗಿದ್ರು, ಬಾಗಿಲ ಹತ್ತಿರ ಹೋಗಿ ನೋಡಿದ್ರೆ ಅಲ್ಲಿ ಯಾರೂ ಇರಲಿಲ್ಲ." ಇದರಲ್ಲಿ "ಯಾರದು" -8 ಡಿಬಿ ಪೀಕ್, ನಡುವಿನ ಸಾದಾ ಶಬ್ದಗಳು -16ರ ಆಸುಪಾಸು, ಕೊನೆಯ "ಇರಲಿಲ್ಲ" -26. ರೂಮಿನ ಮೌನ -64. ಅಂದ್ರೆ ಜೋರಿಗೂ ಕೊನೆಗೂ 18 ಡಿಬಿ ಅಂತರ, ಅವರ ಅಮ್ಮ ಮೊಬೈಲ್ ಸ್ಪೀಕರ್‌ನಲ್ಲಿ ಕೇಳಿ "ಅಲ್ಲಿ ಯಾರಿದ್ರು?" ಅಂತ ಕೇಳಿದ್ರಂತೆ.

ಮೇಲಿನ ಹಾಗೆ ಕಿವಿಯಿಂದ ಮಾಡ್ತಾ ಹೋದಾಗ ಥ್ರೆಶೋಲ್ಡ್ ನಿಂತಿದ್ದು -18ರಲ್ಲಿ, ರೇಶಿಯೋ 3:1. ಈಗ ಲೆಕ್ಕ ನೋಡಿ. "ಯಾರದು" ಥ್ರೆಶೋಲ್ಡ್‌ಗಿಂತ 10 ಡಿಬಿ ಮೇಲಿತ್ತು, ಅದು 3.3 ಆಗತ್ತೆ, ಅಂದ್ರೆ -14.7ಕ್ಕೆ ಬಂತು. ಸಾದಾ ಶಬ್ದ 2 ಡಿಬಿ ಮೇಲಿತ್ತು, -17.3 ಆಯ್ತು. "ಇರಲಿಲ್ಲ" ಕೆಳಗಿತ್ತು, -26ರಲ್ಲೇ ಉಳೀತು. ಅಂತರ 18ರಿಂದ 11.3ಕ್ಕೆ ಬಂತು. (ಪ್ಲಗಿನ್ ಪೀಕ್ ಬದಲು ಸರಾಸರಿ ನೋಡಿ ಕೆಲಸ ಮಾಡ್ತಿದ್ರೆ, ಅಟ್ಯಾಕ್ ಕಾರಣಕ್ಕೂ, ಪರದೆ ಮೇಲಿನ ನಂಬರ್ ಸ್ವಲ್ಪ ಹಿಂದೆ ಮುಂದೆ ಆಗತ್ತೆ, ಲೆಕ್ಕದ ದಾರಿ ಇದೇ.)

ಈಗ ಎಲ್ಲರೂ ಕೇಳೋ ಪ್ರಶ್ನೆ, ಥ್ರೆಶೋಲ್ಡ್ -30ಕ್ಕೆ ಎಳೆದ್ರೆ ಇನ್ನೂ ಸಮ ಆಗಲ್ವಾ? ಆಗತ್ತೆ. ಅದೇ 3:1ರಲ್ಲಿ "ಯಾರದು" -22.7, ಸಾದಾ ಶಬ್ದ -25.3, "ಇರಲಿಲ್ಲ" -28.7. ಅಂತರ ಬರೀ 6 ಡಿಬಿ! ಕಾಗದದ ಮೇಲೆ ಸೊಗಸು. ಆದ್ರೆ ಎಲ್ಲಾ ಕೆಳಗೆ ಬಿದ್ದಿದೆ ಅಲ್ವಾ, ಮೊದಲಿನ ಜೋರಿಗೆ ತರೋಕೆ ಸುಮಾರು 12 ಡಿಬಿ ಮೇಕಪ್ ಗೇನ್ ಕೊಡ್ಬೇಕು, ಅದು ಮೌನವನ್ನೂ 12 ಡಿಬಿ ಎತ್ತತ್ತೆ, -64 ಇದ್ದ ರೂಮು -52 ಆಯ್ತು. ಪಕ್ಕದ ಫ್ಲ್ಯಾಟಿನ ಮಿಕ್ಸರ್ರು, ಕೆಳಗೆ ಸೊಸೈಟಿ ವಾಚ್‌ಮನ್ ಹಾಕಿರೋ ರೇಡಿಯೋ ಎಲ್ಲಾ ಕಥೆಯೊಳಗೆ ಬಂತು. ಜೊತೆಗೆ ಸಾದಾ ಶಬ್ದದ ಮೇಲೂ 9 ಡಿಬಿ ಒತ್ತಡ ಸದಾ ಕೂತಿರತ್ತೆ, ಅಜ್ಜಿ ಕೂಗಿದ್ದು ಕೂಗಿದ ಹಾಗೆ ಇರಲ್ಲ.

-18ರಲ್ಲಿ ನಿಲ್ಲಿಸಿ ಮೇಕಪ್ 4 ಡಿಬಿ ಕೊಟ್ರೆ "ಯಾರದು" -10.7, ಸಾದಾ -13.3, ಕೊನೆ -22, ಮೌನ -60. ಆ "ಇರಲಿಲ್ಲ" ಇನ್ನೂ ಮೆಲ್ಲಗೇ ಇದೆ, ಹೌದು. ಅದನ್ನ ಕಂಪ್ರೆಸರ್ ತಲೆಗೆ ಕಟ್ಟಬಾರದು. ಕಂಪ್ರೆಸರ್‌ಗಿಂತ ಮುಂಚೆ ಆ ಒಂದು ಶಬ್ದದ ಕ್ಲಿಪ್ಪನ್ನ ಬೇರೆ ಮಾಡಿ 4 ಡಿಬಿ ಎತ್ತಿದ್ವಿ, ಕೊನೆಗೆ ಅದು -18ಕ್ಕೆ ಬಂದು ಕೂತ್ಕೊಳ್ತು, ಸಾದಾ ಶಬ್ದಕ್ಕೂ ಅದಕ್ಕೂ ಈಗ 5 ಡಿಬಿಗಿಂತ ಕಮ್ಮಿ ಅಂತರ. ಕತ್ತರಿಸುವಾಗ ಶಬ್ದಕ್ಕೆ ಅಂಟಿಕೊಂಡೇ ಕತ್ತರಿಸಿ, ಎರಡೂ ಕಡೆ ಚಿಕ್ಕ ಫೇಡ್ ಕೊಡಿ, ಪಕ್ಕದ ಮೌನವನ್ನ ಸೇರಿಸ್ಕೊಂಡು ಎತ್ತಿದ್ರೆ ಅಲ್ಲಿ ಮಾತ್ರ ರೂಮು ಉಸಿರಾಡಿದ ಹಾಗೆ ಕೇಳತ್ತೆ.

ಮೌನ -60 ಇದ್ರೆ ಸಾಕಾ? ಈ ನಂಬರ್ ಎಲ್ಲಿಂದ ಬಂತು?

ಆಡಿಯೋಬುಕ್ ತಗೊಳ್ಳೋ ACX ಕೇಳೋದು ಹೀಗೆ: ಸರಾಸರಿ ಮಟ್ಟ ಅಂದ್ರೆ ಆರ್‌ಎಂಎಸ್ -23 ಮತ್ತು -18ರ ನಡುವೆ, ಪೀಕ್ -3 ದಾಟಬಾರದು, ನಾಯ್ಸ್ ಫ್ಲೋರ್ -60ಕ್ಕಿಂತ ಕೆಳಗಿರ್ಬೇಕು. ನೀವು ಅಲ್ಲಿಗೆ ಕಳಿಸದಿದ್ರೂ ಈ ಅಳತೆ ಇಟ್ಕೊಳ್ಳೋದು ಒಳ್ಳೇದು. ಇದರ ಅರ್ಥ ಏನಂದ್ರೆ ಮೇಕಪ್ ಗೇನ್ ಎಷ್ಟು ಕೊಡಬಹುದು ಅಂತ ನಿರ್ಧಾರ ಮಾಡೋದು ನಿಮ್ಮ ರೂಮು. ಮೌನ -64 ಇದ್ರೆ ಕೈಲಿರೋದು 4 ಡಿಬಿ. -70 ಇದ್ರೆ 10. ಅಕ್ಕನ ರೆಕಾರ್ಡಿಂಗ್‌ನಲ್ಲಿ ಅದು ಅಂಚಿಗೆ ಬಂದು ನಿಂತಿತ್ತು, ಮುಂದಿನ ಸಲ ಫ್ಯಾನ್ ಜೊತೆಗೆ ಫ್ರಿಜ್ಜೂ ಬಂದ್ ಮಾಡಿ ಓದಿದ್ರು, ಅಷ್ಟಕ್ಕೇ ಆರಾಮಾಗಿ ಒಳಗೆ ಬಂತು.

ಮಳೆಗಾಲದಲ್ಲಿ ಕಿಟಕಿ ಮೇಲಿನ ಪತ್ರಾ ಮೇಲೆ ನೀರು ಬೀಳೋ ಸದ್ದಿಗೆ ಯಾವ ಸೆಟ್ಟಿಂಗೂ ಇಲ್ಲ. ಮಳೆ ನಿಂತ ಮೇಲೆ ಓದಿ.

ಕಂಪ್ರೆಸರ್ ಆನ್ ಮಾಡಿದ ಕೂಡಲೇ ಸೂಪರ್ ಅನ್ನಿಸತ್ತೆ, ಮಾರನೇ ದಿನ ಕೇಳಿದ್ರೆ ಚಪ್ಪೆ. ಯಾಕೆ?

ಜೋರಾಗಿರೋದೆಲ್ಲ ಕಿವಿಗೆ ಚೆನ್ನಾಗಿ ಕೇಳತ್ತೆ, ಅದಕ್ಕೆ. ಆಟೋ ಮೇಕಪ್ ಆನ್ ಇದ್ರೆ ಕಂಪ್ರೆಸರ್ ಹಾಕಿದ್ದು, ಹಾಕದೇ ಇರೋದು ಎರಡನ್ನೂ ಹೋಲಿಸುವಾಗ ನೀವು ಹೋಲಿಸ್ತಿರೋದು ವಾಲ್ಯೂಮನ್ನ. ಆಡಾಸಿಟಿಯ ಹಳೇ ಕಂಪ್ರೆಸರ್‌ನಲ್ಲಿ "Make-up gain for 0 dB after compressing" ಅಂತ ಟಿಕ್ ಮೊದಲೇ ಬಿದ್ದಿರ್ತಿತ್ತು, ಎಷ್ಟೋ ಜನ ಅದರಿಂದಲೇ ಹಾದಿ ತಪ್ಪಿದ್ದು. ಅದನ್ನ ತೆಗೀರಿ. ಆಡಾಸಿಟಿ 3.6ರಿಂದ ಹೊಸ ಕಂಪ್ರೆಸರ್ ಬಂದಿದೆ, ಪ್ಲೇ ಮಾಡ್ತಾನೇ ಬದಲಾಯಿಸಬಹುದು, ಹಳೇದರಲ್ಲಿ ಪ್ರಿವ್ಯೂ ಒತ್ತಿ ಒತ್ತಿ ಕಿವಿಯಿಂದ ಸೆಟ್ ಮಾಡೋದು ನಿಜಕ್ಕೂ ಹಿಂಸೆ, ಅಪ್‌ಡೇಟ್ ಮಾಡ್ಕೊಳ್ಳಿ.

ಹೋಲಿಸೋ ಸರಿಯಾದ ರೀತಿ: ಮೇಕಪ್ ಗೇನನ್ನ ಕೈಯಿಂದ ಕೊಡಿ, ಬೈಪಾಸ್ ಬಟನ್ ಒತ್ತಿ ಒತ್ತಿ ನೋಡಿ, *ಸಾದಾ* ಶಬ್ದಗಳು ಆನ್‌ನಲ್ಲೂ ಆಫ್‌ನಲ್ಲೂ ಒಂದೇ ಜೋರಿಗೆ ಕೇಳೋವರೆಗೆ ಸರಿಮಾಡಿ. ಮೇಲಿನ ಉದಾಹರಣೆಯಲ್ಲಾದ್ರೆ ಇದಕ್ಕೆ ಒಂದೂವರೆ ಡಿಬಿ ಸಾಕು. ಹೀಗೆ ಸಮ ಮಾಡಿದ್ಮೇಲೂ ಆನ್ ಇರೋದೇ ಕೇಳೋಕೆ ಹಿತ ಅನ್ನಿಸಿದ್ರೆ ಸೆಟ್ಟಿಂಗ್ ಸರಿ ಇದೆ, ಇಲ್ಲಾಂದ್ರೆ ನೀವು ಮೆಚ್ಚಿದ್ದು ಜೋರನ್ನ. ಫೈನಲ್ ಮಟ್ಟಕ್ಕೆ ಎತ್ತೋದು ಇದಾದ ಮೇಲಿನ ಕೆಲಸ.

ರೇಶಿಯೋ ಜಾಸ್ತಿ ಆಯ್ತು ಅಂತ ಕಿವಿಗೆ ಹೇಗೆ ಗೊತ್ತಾಗತ್ತೆ? ಥ್ರೆಶೋಲ್ಡ್ ತಪ್ಪಿದ್ರೂ ಹಾಗೇ ಕೇಳತ್ತಾ?

ಎರಡೂ ತಪ್ಪಿದಾಗ ಕೇಳೋದು ಬೇರೆ ಬೇರೆ. ರೇಶಿಯೋ ಜಾಸ್ತಿ ಆದ್ರೆ ಪಾತ್ರ ಕೂಗಿದಾಗ ಗಂಟಲಿನಲ್ಲಿ ಕೂಗು ಇದೆ, ಕಿವಿಗೆ ಕೂಗು ಇಲ್ಲ, ಗೋಡೆ ಆಚೆ ನಿಂತು ಕೂಗಿದ ಹಾಗೆ. ಬರೀ ಜೋರು ಜಾಗದಲ್ಲಿ ಮಾತ್ರ ಹೀಗೆ, ಉಳಿದ ಓದು ಚೆನ್ನಾಗೇ ಇರತ್ತೆ. ಥ್ರೆಶೋಲ್ಡ್ ತೀರ ಕೆಳಗಿದ್ರೆ ತೊಂದರೆ ಸಾದಾ ಜಾಗದಲ್ಲೇ ಶುರು, ಎಲ್ಲಾ ವಾಕ್ಯ ಒಂದೇ ದೂರದಲ್ಲಿ ನಿಂತಿದೆ ಅನ್ನಿಸತ್ತೆ, ಉಸಿರೆಳೆಯೋ ಸದ್ದು ಶಬ್ದದಷ್ಟೇ ದೊಡ್ಡದಾಗತ್ತೆ, ಐದು ನಿಮಿಷಕ್ಕೇ ಕಿವಿ ದಣಿಯತ್ತೆ. ಥ್ರೆಶೋಲ್ಡ್ ತೀರ ಮೇಲಿದ್ದು ರೇಶಿಯೋ ಜಾಸ್ತಿ ಇದ್ರೆ ಇನ್ನೊಂದು ಥರ, ಓದು ಆರಾಮಾಗಿ ಹೋಗ್ತಾ ಹೋಗ್ತಾ ಒಂದೇ ಶಬ್ದಕ್ಕೆ ಗಕ್ಕಂತ ಬ್ರೇಕ್ ಬೀಳತ್ತೆ. ಆಗ ಥ್ರೆಶೋಲ್ಡ್ 3 ಡಿಬಿ ಇಳಿಸಿ ರೇಶಿಯೋ 4ರಿಂದ 2.5ಕ್ಕೆ ತಂದು ನೋಡಿ, ಇಳಿಯೋ ಡಿಬಿ ಹೆಚ್ಚುಕಮ್ಮಿ ಅಷ್ಟೇ ಇದ್ರೂ ಹಿಡಿತ ಮೆತ್ತಗಾಗತ್ತೆ. ಪ್ಲಗಿನ್‌ನಲ್ಲಿ Knee ಅಂತ ಒಂದು ನಾಬ್ ಇದ್ರೆ ಅದನ್ನ 6 ಡಿಬಿ ಹತ್ತಿರ ಇಟ್ರೂ ಇದೇ ಸಹಾಯ ಸಿಗತ್ತೆ.

ಅಟ್ಯಾಕ್, ರಿಲೀಸ್ ಬಗ್ಗೆ ನೀವು ಜಾಸ್ತಿ ಹೇಳ್ಲೇ ಇಲ್ಲ.

ನರೇಶನ್‌ಗೆ ಅಷ್ಟು ತಲೆ ಕೆಡಿಸ್ಕೊಳ್ಳೋದು ಬೇಡ ಅಂತ. ಅಟ್ಯಾಕ್ ತೀರ ಚಿಕ್ಕದಾದ್ರೆ ಕ, ತ, ಪಗಳ ಮೊನೆ ಮೊಂಡಾಗತ್ತೆ, ಮೈಕಿನ ಮುಂದೆ ಬಟ್ಟೆ ಇಟ್ಟ ಹಾಗೆ ಮಂಕು. ತೀರ ಉದ್ದ ಆದ್ರೆ ಜೋರು ಶಬ್ದದ ಮೊದಲ ಅಕ್ಷರ ಹಿಡಿತಕ್ಕೆ ಸಿಗದೇ ತಪ್ಪಿಸ್ಕೊಂಡು ಹೊಡೆಯತ್ತೆ.

ರಿಲೀಸ್‌ಗೆ ಮಾತ್ರ ನಮ್ಮ ಒತ್ತಕ್ಷರದ್ದೊಂದು ವಿಷಯ ಇದೆ. "ಬಿಟ್ಟುಕೊಟ್ಟ" ಅನ್ನಿ, ಟ್ಟ ಬರೋ ಮುಂಚೆ ನಾಲಿಗೆ ಒಂದು ಕ್ಷಣ ಗಾಳಿಯನ್ನ ಪೂರ್ತಿ ತಡೆದಿರತ್ತೆ, ಅಲ್ಲಿ ಸದ್ದೇ ಇಲ್ಲ. ರಿಲೀಸ್ 30, 40 ಮಿಲಿಸೆಕೆಂಡ್ ಇದ್ರೆ ಆ ಸಣ್ಣ ಗ್ಯಾಪ್‌ನಲ್ಲೇ ಕಂಪ್ರೆಸರ್ ಪೂರ್ತಿ ಬಿಟ್ಟುಬಿಡತ್ತೆ, ಆಮೇಲೆ ಟ್ಟ ಸಿಡಿಯುವಾಗ ಅಟ್ಯಾಕ್ ಎಚ್ಚರ ಆಗೋದ್ರೊಳಗೆ ಅದು ದಾಟಿ ಹೋಗಿರತ್ತೆ, ಒತ್ತಕ್ಷರಗಳೆಲ್ಲ ಕುಕ್ಕಿದ ಹಾಗೆ ಕೇಳ್ತವೆ. ದಪ್ಪ ಗಂಡು ದನಿಗೆ ಇಷ್ಟು ಚಿಕ್ಕ ರಿಲೀಸ್‌ನಲ್ಲಿ ಗರಗರ ಕೂಡ ಸೇರ್ಕೊಳ್ಳಬಹುದು. 100 ದಾಟಿಸಿದ್ರೆ ಎರಡೂ ಹೋಗತ್ತೆ. ಅರ್ಧ ಸೆಕೆಂಡ್ ಮಾಡಿದ್ರೆ ಕೂಗಿನ ಪಕ್ಕದಲ್ಲಿರೋ ಮೆಲ್ಲನೆ ಶಬ್ದ ನುಂಗಿಹೋಗತ್ತೆ, "ಯಾರದು! ಅಂತ" ಅನ್ನೋದರಲ್ಲಿ "ಅಂತ" ಕಾಣೆ.

ನಾ ಪುಣೆಯಾಗ ಇರ್ತೀನ್ರಿ. ನಮ್ಮ ಅಪ್ಪಾರು ನಾಟಕದಾಗ ಇದ್ದವರು, ಓದಾಕ ಕುಂತ್ರ ಒಮ್ಮೆ ಒದರ್ತಾರ, ಒಮ್ಮೆ ಪಿಸುಗುಡ್ತಾರ. ಎಷ್ಟ್ ಥ್ರೆಶೋಲ್ಡ್ ಇಟ್ರೂ ಒಂದ್ ಕಡೆ ಸರಿ ಆದ್ರ ಇನ್ನೊಂದ್ ಕಡೆ ಕೆಡ್ತದ. ಏನ್ ಮಾಡ್ಲಿ?

ಅಪ್ಪಾರಿಗೆ ಏನೂ ಹೇಳ್ಬೇಡಿ, ಆ ಓದಿನ ರುಚಿನೇ ಅದು. ಒಂದೇ ಕಂಪ್ರೆಸರ್‌ನಿಂದ 25, 30 ಡಿಬಿ ಅಂತರ ಮುಚ್ಚೋಕೆ ಹೋದ್ರೆ ನೀವು ಹೇಳಿದ ಹಾಗೇ ಆಗತ್ತೆ. ಮೊದಲು ಕೈಯಿಂದ: ಒದರಿದ ತುಂಡುಗಳನ್ನ ಕ್ಲಿಪ್ ಗೇನ್‌ನಲ್ಲಿ 5, 6 ಡಿಬಿ ಇಳಿಸಿ, ಪಿಸುಮಾತನ್ನ 4, 5 ಡಿಬಿ ಎತ್ತಿ. ನುಣುಪಾಗಿ ಮಾಡ್ಬೇಕಿಲ್ಲ, ಒರಟಾಗಿ ಸಾಕು, ಒಂದು ಅಧ್ಯಾಯಕ್ಕೆ ಇಂಥ ಜಾಗ ಅಷ್ಟೇನೂ ಇರಲ್ಲ. ಇದಾದ್ಮೇಲೆ ಕಂಪ್ರೆಸರ್ 2:1 ಅಥವಾ 2.5:1, ಥ್ರೆಶೋಲ್ಡ್ ಅವರ ಸಾದಾ ಓದಿನ ನೆತ್ತಿ ಸವರೋ ಹಾಗೆ. ಆಮೇಲೂ ಒಂದೊಂದು ಶಬ್ದ ಚಿಮ್ಮಿದ್ರೆ ಕೊನೆಗೆ ಲಿಮಿಟರ್ ಹಾಕಿ, ಅದು ಆ ಚಿಮ್ಮೋದನ್ನ ಮಾತ್ರ ತಡೀಲಿ.

ಒದರುವಾಗ ಮೈಕಿಂದ ಒಂದು ಗೇಣು ಹಿಂದೆ ಸರಿದು ಸ್ವಲ್ಪ ಪಕ್ಕಕ್ಕೆ ತಿರುಗಿ ಒದರಿ ಅಂತ ಹೇಳಿ ನೋಡಿ, ನಾಟಕದವರು ಇದನ್ನ ಬೇಗ ಹಿಡೀತಾರೆ, ನಿಮ್ಮ ಅರ್ಧ ಎಡಿಟಿಂಗ್ ಉಳಿಯತ್ತೆ. ರೆಕಾರ್ಡ್ ಆಗುವಾಗಲೇ ದನಿ 0 ಮುಟ್ಟಿ ಒಡೆದಿದ್ರೆ ಮಾತ್ರ ಯಾವ ಕಂಪ್ರೆಸರೂ ಅದನ್ನ ಕೂಡಿಸಲ್ಲ, ಆ ಸಾಲು ಮತ್ತೆ ಓದಿಸ್ಬೇಕು.

ನಾನು ಏನೂ ಜೋರಾಗಿ ಓದಿಲ್ಲ, ಆದ್ರೂ ಮಧ್ಯೆ ಮಧ್ಯೆ ಮೀಟರ್ ಕುಣಿಯತ್ತೆ, ದನಿ ತಗ್ಗತ್ತೆ.

ನಿಮಗೆ ಕೇಳದಿರೋ ಸದ್ದು ಕಂಪ್ರೆಸರ್‌ಗೆ ಕೇಳ್ತಿದೆ. ಹಳಿ ಹತ್ತಿರದ ಬಿಲ್ಡಿಂಗ್ ಆದ್ರೆ ರೈಲು ಹೋದಾಗ ಮೇಜಿನ ಮೂಲಕ ಬರೋ ಗುಡುಗು, ಪ, ಬ, ಭ ಹೇಳುವಾಗ ಮೈಕಿಗೆ ಬಡಿಯೋ ಗಾಳಿ, ಎರಡೂ ತೀರ ತಗ್ಗಿನ ಫ್ರೀಕ್ವೆನ್ಸಿ, ಇಯರ್‌ಫೋನ್‌ನಲ್ಲಿ ಗೊತ್ತೇ ಆಗಲ್ಲ, ಕಂಪ್ರೆಸರ್ ಮಾತ್ರ ಅದಕ್ಕೇ ಹೆದರಿ ಇಡೀ ದನಿಯನ್ನ ಇಳಿಸತ್ತೆ. ಕಂಪ್ರೆಸರ್‌ಗಿಂತ ಮುಂಚೆ 80 ಹರ್ಟ್ಸ್‌ನಲ್ಲಿ ಹೈಪಾಸ್ ಫಿಲ್ಟರ್ ಹಾಕಿ, ಆಮೇಲೆ ಥ್ರೆಶೋಲ್ಡ್ ಇನ್ನೊಮ್ಮೆ ನೋಡಿ, ಯಾಕಂದ್ರೆ ಒಳಗೆ ಬರೋ ಮಟ್ಟನೇ ಬದಲಾಗಿರತ್ತೆ. ಫಿಲ್ಟರ್ ಮುಂಚೆ, ಕಂಪ್ರೆಸರ್ ಆಮೇಲೆ, ಲಿಮಿಟರ್ ಕೊನೆಗೆ. ಕಂಪ್ರೆಸರ್ ಆದ್ಮೇಲೆ ಸ, ಶ ಚುಚ್ಚೋದು ಜಾಸ್ತಿ ಆದ್ರೆ ಡಿ-ಎಸ್ಸರ್ ಲಿಮಿಟರ್‌ಗಿಂತ ಮುಂಚೆ ಬರ್ಲಿ.

ಉಸಿರಿನ ಸದ್ದು ದೊಡ್ಡದಾಯ್ತು. ಗೇಟ್ ಹಾಕ್ಲಾ?

ಬೇಡ. ಗೇಟ್ ಅಂದ್ರೆ ಒಂದು ಮಟ್ಟಕ್ಕಿಂತ ಮೆಲ್ಲಗಿರೋ ಸದ್ದನ್ನ ಮುಚ್ಚಿಬಿಡೋದು, ಅದನ್ನ ಹಾಕಿದ್ರೆ ಉಸಿರಿನ ಜೊತೆ ವಾಕ್ಯದ ಕೊನೆ ಅಕ್ಷರದ ಬಾಲವೂ ಕತ್ತರಿಸಿ ಹೋಗತ್ತೆ, ನಾವು ಇಷ್ಟು ಹೊತ್ತು ಉಳಿಸೋಕೆ ಒದ್ದಾಡಿದ್ದೇ ಅದನ್ನ. ಮೊದಲು ಮೇಕಪ್ ಗೇನ್ ಜಾಸ್ತಿ ಆಗಿದ್ಯಾ ನೋಡಿ, ಬಹಳ ಸಲ ಅಲ್ಲೇ ಇರತ್ತೆ. ಅದು ಸರಿ ಇದ್ರೆ ತೀರ ದೊಡ್ಡ ಉಸಿರುಗಳನ್ನ ಮಾತ್ರ ಕೈಯಿಂದ 6, 8 ಡಿಬಿ ಇಳಿಸಿ. ಪೂರ್ತಿ ಅಳಿಸ್ಬೇಡಿ, ಉಸಿರೇ ಇಲ್ಲದ ಓದು ಕೇಳೋರಿಗೆ ಉಸಿರು ಕಟ್ಟಿಸತ್ತೆ.

ಒಂದು ಅಧ್ಯಾಯಕ್ಕೆ ಸರಿ ಮಾಡಿದ ಸೆಟ್ಟಿಂಗ್ ಇಡೀ ಪುಸ್ತಕಕ್ಕೆ ನಡೆಯತ್ತಾ?

ಮೈಕ್ ದೂರ, ಗೇನ್ ನಾಬ್, ಕೂರೋ ಜಾಗ ಮೂರೂ ಅಷ್ಟೇ ಇದ್ರೆ ನಡೆಯತ್ತೆ, ನಡೀಬೇಕು ಕೂಡ, ಅಧ್ಯಾಯಕ್ಕೊಂದು ಸೆಟ್ಟಿಂಗ್ ಆದ್ರೆ ಓದೋರು ಬದಲಾದ ಹಾಗೆ ಕೇಳತ್ತೆ. ನೆಗಡಿ ಆದ ವಾರ ರೆಕಾರ್ಡ್ ಮಾಡಿದ್ದು, ಬೆಳಿಗ್ಗೆ ಎದ್ದ ಕೂಡಲೇ ಮಾಡಿದ್ದು, ಇವು ಸಾಮಾನ್ಯವಾಗಿ ಮೆಲ್ಲಗಿರ್ತವೆ. ಆಗ ಥ್ರೆಶೋಲ್ಡ್ ಮುಟ್ಬೇಡಿ, ಕಂಪ್ರೆಸರ್‌ಗಿಂತ ಮುಂಚೆ ಆ ಇಡೀ ಫೈಲಿನ ಗೇನ್ ಎತ್ತಿ, ಸಾದಾ ವಾಕ್ಯದಲ್ಲಿ ಮೀಟರ್ ಮೊದಲ ಅಧ್ಯಾಯದಲ್ಲಿ ಎಷ್ಟು ಇಳೀತಿತ್ತೋ ಅಷ್ಟೇ ಇಳಿಯೋ ಹಾಗೆ ಮಾಡಿ. ಆ ಅಕ್ಕನ ಪುಸ್ತಕದಲ್ಲಿ ಸಾದಾ ವಾಕ್ಯಕ್ಕೆ ಒಂದು ಒಂದೂವರೆ ಡಿಬಿ, ಕೂಗಿಗೆ 6ರಿಂದ 7. ಈ ಎರಡು ನಂಬರ್ ಪ್ರಾಜೆಕ್ಟ್ ಫೈಲಿನ ಹೆಸರಲ್ಲೇ ಬರೆದಿಟ್ಟುಬಿಡಿ, ಮೂರು ತಿಂಗಳಾದ್ಮೇಲೆ ಒಂದು ಪ್ಯಾರಾ ತಿದ್ದಿ ಓದೋಕೆ ಕೂತಾಗ ಹುಡುಕೋದು ತಪ್ಪತ್ತೆ.